ಅಪ್‌ಡೇಟ್: ಎರಡು ಕಂಪನಿ ಒಂದಾದ ಮೇಲೆ ನಮ್ಮ ರಜೆ ಏನಾಯ್ತು

ನಾನು ಕೇಳಿದ್ದು: "ನಮಗೆ ಜನವರಿಯಲ್ಲೇ 24 ರಜೆ ಒಟ್ಟಿಗೆ ಸಿಗುತ್ತದೆ, ಉಳಿದದ್ದು ಡಿಸೆಂಬರ್‌ಗೆ ರದ್ದು. ಅವರಿಗೆ ತಿಂಗಳಿಗೆ ಒಂದೂವರೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ. ಒಂದಾದರೆ ಯಾರಿಗೆ ನಷ್ಟ?"

ಜುಲೈಯಿಂದ ಹೊಸ ನಿಯಮ ಬಂತು. ತಿಂಗಳಿಗೆ 1.75, ಅಂದರೆ ವರ್ಷಕ್ಕೆ 21. ಅವರಿಗೆ ವರ್ಷಕ್ಕೆ 3 ರಜೆ ಜಾಸ್ತಿ. ಆದರೆ ಇನ್ಮುಂದೆ ಕೂಡಿಡಲು 30ರ ಮಿತಿ. ಅಲ್ಲಿಯ ಒಬ್ಬರ ಬಳಿ 38 ಇತ್ತು. ಮಿತಿ ಮೀರಿದ 8ನ್ನು ರದ್ದು ಮಾಡಲಿಲ್ಲ, ಒಂದು ವರ್ಷದೊಳಗೆ ಬಳಸಬಹುದು ಇಲ್ಲವೇ ಹಣ ಪಡೆಯಬಹುದು.

ನಮ್ಮ ಈ ವರ್ಷದ 24 ಹಾಗೇ ಉಳಿದಿದೆ. ಮುಂದಿನ ವರ್ಷ 3 ಕಮ್ಮಿ. ಅದಕ್ಕಿಂತ ದೊಡ್ಡ ಪೇಚು ಜನವರಿಯದು. ಹಳೆಯದು ಡಿಸೆಂಬರ್‌ಗೆ ಮುಗಿಯುತ್ತದೆ, ಹೊಸದು ತಿಂಗಳ ಕೊನೆಗೆ ಜಮೆ. ವರ್ಷದ ಮೊದಲ ವಾರ ಜ್ವರ ಬಂದರೆ ಸಂಬಳವೇ ಕಟ್, ಅಲ್ವಾ? ಇದನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಎಚ್‌ಆರ್ 5 ಮುಂಗಡ ರಜೆ ಕೊಟ್ಟರು. ಅದನ್ನು ಮುಂದಿನ ಜಮೆಯಿಂದ ಕಳೆಯುತ್ತಾರೆ. ಮೊದಲ ಪ್ರಕಟಣೆಯಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಇನ್ನೊಂದು, ಎರಡೂ ಕಡೆಯವರು ಕೆಲಸಕ್ಕೆ ಸೇರಿದ ದಿನಾಂಕ ಹಳೆಯದೇ ಇರುತ್ತದೆ. ಹಾಗಾಗಿ ಆರೋಗ್ಯ ವಿಮೆಯ ಕಾಯುವ ಅವಧಿ ಮತ್ತೆ ಶುರುವಾಗುವುದಿಲ್ಲ. ಇದನ್ನು ಮಾತ್ರ ಬರವಣಿಗೆಯಲ್ಲಿ ತೆಗೆದುಕೊಂಡೆ.