ಸೂರ್ಯನ ಬಲಕ್ಕಿದ್ದವಳನ್ನು ಎಡಕ್ಕೆ ಸರಿಸಿದರೆ ನೆರಳು ಎತ್ತ ಬೀಳಬೇಕು?

ಪ್ರಶ್ನೆ, ಕಾರವಾರದಿಂದ: ಟಾಗೋರ್ ಬೀಚಿನಲ್ಲಿ ಸಂಜೆ ತೆಗೆದ ಮದುಮಗಳ ಫೋಟೋ. ಅವಳು ಸೂರ್ಯನ ಬಲಕ್ಕೆ ನಿಂತಿದ್ದಾಳೆ. ಆಲ್ಬಂ ಮುಖಪುಟದ ಬಲಗಡೆ ಹೆಸರು ಬರಬೇಕು, ಹಾಗಾಗಿ ಅವಳನ್ನು ಎಡಕ್ಕೆ ತರಬೇಕು. ಫೋಟೋಶಾಪ್‌ನಲ್ಲಿ Content-Aware Move ಹಿಡಿದು ಎಳೆದೆ. ಅವಳಿದ್ದ ಜಾಗದಲ್ಲಿ ಇನ್ನೊಂದು ಕೂರ್ಮಗಡ ನಡುಗಡ್ಡೆ ಎದ್ದಿದೆ, ಸಮುದ್ರದ ಗೆರೆ ಮುರಿದಿದೆ. ಹೊಸ ಜಾಗದಲ್ಲೂ ಅವಳು ಅಂಟಿಸಿದ ಹಾಗೆ ಕಾಣುತ್ತಾಳೆ. ಏನು ಮಾಡಲಿ ಅಣ್ಣಾ?

ಕುಮಟಾದಿಂದ: Structure 7ಕ್ಕೆ ಇಡಿ, ಗೆರೆ ಕೂಡಿಕೊಳ್ಳುತ್ತದೆ. ನಾನು ಯಾವಾಗಲೂ 7ರಲ್ಲೇ ಮಾಡುವುದು.

ಯಲ್ಲಾಪುರದಿಂದ: ನಾನು ಅಡಿಕೆ ತೋಟದಲ್ಲಿ ನಿಂತ ಅಪ್ಪನನ್ನು ಹೀಗೇ ಸರಿಸಿದ್ದೆ. ಎಳೆದು ಬಿಟ್ಟದ್ದೇ ತಡ, ಸರಿಸಿದ್ದೇ ಗೊತ್ತಾಗಲಿಲ್ಲ. ನಿಮ್ಮದು ಹಳೆ ವರ್ಶನ್ ಇರಬಹುದು.

ಶಿರಸಿಯಿಂದ (ಆಲ್ಬಂ ಕೆಲಸ): ವರ್ಶನ್ ತಪ್ಪಲ್ಲ. ತೋಟದಲ್ಲಿ ಎತ್ತ ನೋಡಿದರೂ ಅಡಿಕೆ ಮರ, ಚುಕ್ಕೆ ಬಿಸಿಲು. ಒಂದು ಮರ ಎರಡಾದರೆ ಯಾರೂ ಎಣಿಸುವುದಿಲ್ಲ. ಕಡಲಲ್ಲಿ ಆಕಾಶ, ನೀರು, ಮರಳು ಎಂದು ಮೂರೇ ಪಟ್ಟಿ, ನಡುವೆ ಒಂದು ನಡುಗಡ್ಡೆ. ಕಾರವಾರದವರು ಎರಡು ಕೂರ್ಮಗಡ ನೋಡಿದರೆ ಬಿಡುತ್ತಾರೆಯೇ? Structure ಹೆಚ್ಚಿಸಿದರೆ ಇದ್ದ ರಚನೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಅದು ನಿಜ. ಆದರೆ ಯಾವ ಜಾಗದಿಂದ ತುಂಬಬೇಕು ಎಂದು ಆ ಟೂಲಿಗೆ ನಾವು ಹೇಳುವಂತಿಲ್ಲ. ನಡುಗಡ್ಡೆ ಹುಟ್ಟಿದ್ದು ಅಲ್ಲಿಂದ.

ಹಾಗಾಗಿ ಕೆಲಸವನ್ನು ಎರಡು ಮಾಡಿ. ಮೊದಲು ಅವಳನ್ನು ಒಳ್ಳೆಯ ಸೆಲೆಕ್ಷನ್‌ನಿಂದ ಬೇರೆ ಲೇಯರಿಗೆ ಎತ್ತಿ ಇಟ್ಟುಕೊಳ್ಳಿ. ಆಮೇಲೆ ಕೆಳಗಿನ ಚಿತ್ರದಲ್ಲಿ ಅವಳ ಸುತ್ತ ಸ್ವಲ್ಪ ಜಾಗ ಬಿಟ್ಟು ಸಡಿಲವಾಗಿ ಲಾಸೋ ಎಳೆದು, ನೆರಳನ್ನೂ ಸೇರಿಸಿಕೊಂಡು Edit > Content-Aware Fill ತೆರೆಯಿರಿ. ಅಲ್ಲಿ ಹಸಿರು ಬಣ್ಣ ಬಿದ್ದಲ್ಲಿಂದ ಮಾತ್ರ ತುಂಬುತ್ತದೆ. ನಡುಗಡ್ಡೆ ಮತ್ತು ಸೂರ್ಯನ ಮೇಲಿನ ಹಸಿರನ್ನು ಬ್ರಶ್‌ನಿಂದ ಅಳಿಸಿ. ಫಲಿತವನ್ನು New Layer ಮೇಲೆ ಪಡೆಯಿರಿ, ಇಷ್ಟವಾಗದಿದ್ದರೆ ಎಸೆಯಬಹುದು. ಗೆರೆ ಮುರಿದಿದೆಯೋ ಎಂದು 100% ಝೂಮಿನಲ್ಲಿ, ರೂಲರ್‌ನಿಂದ ಗೈಡ್ ಎಳೆದು ಅದರ ಪಕ್ಕ ನೋಡಿ. ಒಂದೆರಡು ಪಿಕ್ಸೆಲ್ ಮೇಲೆ ಕೆಳಗಾದರೂ ಪ್ರಿಂಟಿನಲ್ಲಿ ಮೆಟ್ಟಿಲಿನಂತೆ ಕಾಣುತ್ತದೆ.

ಇನ್ನು ಅಂಟಿಸಿದ ಹಾಗೆ ಕಾಣುವ ವಿಷಯ. ನನ್ನ ಪ್ರಕಾರ ನಿಮ್ಮ ನಿಜವಾದ ತೊಂದರೆ ಇದೇ. ಸೂರ್ಯ ಫ್ರೇಮಿನೊಳಗಿದ್ದಾಗ ನೆರಳುಗಳೆಲ್ಲ ಅವನ ಕೆಳಗಿನ ಬಿಂದುವಿನಿಂದ ನಮ್ಮ ಕಡೆ ಬೀಸಣಿಗೆಯಂತೆ ಹರಡುತ್ತವೆ. ಬಲಕ್ಕೆ ನಿಂತವಳ ನೆರಳು ಬಲಗಡೆ ಓರೆಯಾಗಿ ಬರುತ್ತದೆ, ಎಡಕ್ಕೆ ನಿಂತವಳದು ಎಡಗಡೆಗೆ. ನೀವು ಅವಳನ್ನು ಸೂರ್ಯನನ್ನು ದಾಟಿಸಿದ್ದೀರಿ, ನೆರಳು ಮಾತ್ರ ಹಳೆಯ ಕಡೆಗೇ ಬಾಗಿದೆ. ಒದ್ದೆ ಮರಳಿನಲ್ಲಿ ಕಾಣುವ ಪ್ರತಿಬಿಂಬ ಹಾಗಲ್ಲ. ಅದು ಎಲ್ಲಿ ನಿಂತರೂ ಪಾದದ ನೇರ ಕೆಳಗೇ ಇರುತ್ತದೆ. ಆದ್ದರಿಂದ ಪ್ರತಿಬಿಂಬವನ್ನು ಅವಳ ಜೊತೆಗೇ ಒಯ್ಯಿರಿ, ನೆರಳನ್ನು ಒಯ್ಯಬೇಡಿ. ಹಳೆ ನೆರಳನ್ನು ಬೇರೆ ಲೇಯರಿಗೆ ಕಾಪಿ ಮಾಡಿ, ಅಡ್ಡಕ್ಕೆ ಫ್ಲಿಪ್ ಮಾಡಿ, Multiply ನಲ್ಲಿ ಹೊಸ ಪಾದದ ಬುಡಕ್ಕೆ ಕೂರಿಸಿ, ಓರೆಯನ್ನು ಸೂರ್ಯನ ಕಡೆಗೆ ಸರಿಹೊಂದಿಸಿ.

ಸರಿಸುವಾಗ ಅಡ್ಡಕ್ಕೆ ಮಾತ್ರ ಸರಿಸಿ. ಈಗ ಸಮುದ್ರದ ಗೆರೆ ಅವಳ ಭುಜದಲ್ಲಿ ಹಾದುಹೋಗುತ್ತಿದ್ದರೆ ಹೊಸ ಜಾಗದಲ್ಲೂ ಭುಜದಲ್ಲೇ ಹಾಯಬೇಕು. ಕೆಳಕ್ಕೆ ಇಳಿಸಿ ಅದೇ ಅಳತೆಯಲ್ಲಿ ಬಿಟ್ಟರೆ ಅವಳು ಹಳ್ಳದಲ್ಲಿ ನಿಂತ ಹಾಗೆ ಕಾಣುತ್ತಾಳೆ.

ಪ್ರಶ್ನೆ ಕೇಳಿದವರು: ನೆರಳು ಫ್ಲಿಪ್ ಮಾಡಿದೆ, ಈಗ ನೆಲದ ಮೇಲೆ ನಿಂತಳು! ಆದರೆ ಅವಳ ಎಡ ಅಂಚಿನಲ್ಲಿದ್ದ ಬಂಗಾರದ ಬೆಳಕು ಈಗ ಸೂರ್ಯನಿಲ್ಲದ ಕಡೆಗಿದೆ.

ಕುಮಟಾದಿಂದ: ಅವಳನ್ನೇ ಫ್ಲಿಪ್ ಮಾಡಿಬಿಡಿ.

ಶಿರಸಿಯಿಂದ: ಬೇಡ. ಸೆರಗು ಬಲ ಹೆಗಲಿಗೆ ಹೋಗುತ್ತದೆ, ಮೂಗುತಿ ಬದಿ ಬದಲಿಸುತ್ತದೆ. ಮದುಮಗಳ ಅಮ್ಮ ಮೊದಲು ನೋಡುವುದು ಅದನ್ನೇ. ತೀರ ಚೂಪಾಗಿ ಹೊಳೆಯುವ ಅಂಚನ್ನು ಸ್ವಲ್ಪ ಮಂಕು ಮಾಡಿ, ಎದುರು ಅಂಚಿಗೆ ತೆಳುವಾಗಿ ಬೆಳಕು ಬಳಿಯಬಹುದು. ಕೂದಲಿನಲ್ಲಿ ಅದು ಪೂರ್ತಿ ಒಪ್ಪುವ ಹಾಗೆ ನನಗೂ ಇನ್ನೂ ಬಂದಿಲ್ಲ. ನಾನಾದರೆ ಅವಳನ್ನು ಸರಿಸದೆ, ಕ್ಯಾನ್ವಾಸನ್ನೇ ಬಲಕ್ಕೆ ಬೆಳೆಸಿ ನೀರು ಮರಳು ತುಂಬಿಸುತ್ತಿದ್ದೆ. ಆಗ ಸೂರ್ಯನೂ ಅವಳೂ ಒಟ್ಟಿಗೇ ಎಡಕ್ಕೆ ಬರುತ್ತಾರೆ, ಬೆಳಕು ಸುಳ್ಳಾಗುವುದಿಲ್ಲ.

ಪ್ರಶ್ನೆ ಕೇಳಿದವರು: ಮುಖಪುಟದ ಅಳತೆ ಚೌಕ, ಅಷ್ಟು ಅಗಲ ಸಿಗುವುದಿಲ್ಲ ಅಣ್ಣಾ. ಮತ್ತೆ ಅವಳ ಹಿಂದೆ ನಡುಗಡ್ಡೆಯ ತುದಿ ಅಡಗಿತ್ತು, ಅದೀಗ ಕತ್ತರಿಸಿದಂತಿದೆ. ಅವಳು ಬರುವ ಮೊದಲು ಬೆಳಕು ನೋಡಲು ತೆಗೆದ ಒಂದು ಖಾಲಿ ಫ್ರೇಮ್ ಇದೆ, ಅದರಲ್ಲಿ ಸೂರ್ಯ ಇನ್ನೂ ಮೇಲಿದ್ದಾನೆ.

ಶಿರಸಿಯಿಂದ: ಅದು ಬಂಗಾರ, ಅಳಿಸಬೇಡಿ. ನಡುಗಡ್ಡೆಯ ಆಕಾರವನ್ನು ಯಾವ ಟೂಲೂ ಊಹಿಸಲಾರದು. ಎರಡೂ ಫ್ರೇಮನ್ನು ಒಂದೇ ಫೈಲಿಗೆ ತಂದು Auto-Align Layers ಕೊಡಿ. ಮಾಸ್ಕ್ ಹಾಕಿ ಆ ತುದಿಯೊಂದನ್ನೇ ತೆರೆಯಿರಿ, ಆಕಾಶ ಬೇಡ. ಬಣ್ಣ ತುಸು ತಂಪಾಗಿರುತ್ತದೆ, ಕರ್ವ್ಸ್‌ನಲ್ಲಿ ಬೆಚ್ಚಗೆ ಮಾಡಿ ಹಾಕಿ ನೋಡಿ.