ಪದಚರ್ಚೆ: ಬೂಟ್‌ಸ್ಟ್ರ್ಯಾಪ್‌ಗೆ ‘ಪುನರ್‌ಮಾದರಿ’ ಅಂದರೆ ಸಾಕಾ?

ಉಡುಪಿಯಿಂದ ಪ್ರಶ್ನೆ

ಮೀನುಗಾರಿಕೆಯ ಒಂದು ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ನಾಡದೋಣಿಗಳು ತಂದ ಬಂಗುಡೆಯ ಮಧ್ಯಾಂಕಕ್ಕೆ ಬೂಟ್‌ಸ್ಟ್ರ್ಯಾಪ್‌ನಿಂದ 95% ವ್ಯಾಪ್ತಿ ಕಟ್ಟಿದ್ದಾರೆ. ‘ಪುನರ್‌ಮಾದರಿ’ ಅಂತ ಬರೆದೆ. ಓದಿದವರೊಬ್ಬರು, “ಓಹೋ, ಮಲ್ಪೆಗೆ ಮತ್ತೆ ಹೋಗಿ ತೂಕ ಮಾಡಿದ್ರಾ?” ಅಂದರು. ಬೇರೆ ಪದ ಉಂಟಾ?

ಮಂಗಳೂರಿನಿಂದ

ಬೂಟ್‌ಸ್ಟ್ರ್ಯಾಪ್ ಅಂದರೆ ವೆಬ್‌ಸೈಟ್ ಕಟ್ಟುವ ಸಾಮಾನು ಅಲ್ವಾ? ಅದನ್ನು ಹಾಗೇ ಬಿಡಿ, ಅನುವಾದ ಯಾಕೆ?

ಸುರತ್ಕಲ್‌ನಿಂದ

ಅದು ಬೇರೆ ಮಾರಾಯ್ರೆ. ಇದು 1979ರಲ್ಲಿ ಬ್ರಾಡ್ಲಿ ಎಫ್ರಾನ್ ಹೇಳಿಕೊಟ್ಟ ಲೆಕ್ಕ. ಪದಕ್ಕೆ ಮೊದಲು ಕೆಲಸ ನೋಡುವ. 11 ದೋಣಿಗಳ ಬಂಗುಡೆ, ಕಿಲೋದಲ್ಲಿ, ಸುಮ್ನೆ ಉದಾಹರಣೆಗೆ: 12, 15, 18, 20, 24, 26, 31, 35, 48, 90, 240. ಮಧ್ಯಾಂಕ, ಅಂದರೆ ನಡುವಿನದ್ದು, 26. ಸರಾಸರಿ ತೆಗೆದರೆ 50 ದಾಟುತ್ತದೆ, ಆ 240ರ ದೋಣಿಯಿಂದಾಗಿ.

ಬೇರೆ 11 ದೋಣಿ ಸಿಕ್ಕಿದ್ದರೆ ಈ 26 ಎಷ್ಟು ಅತ್ತಿತ್ತ ಆಗುತ್ತಿತ್ತು? ತಿಳಿಯಬೇಕಾದದ್ದು ಅದು. ಪುನಃ ಪುನಃ ಮಲ್ಪೆಗೆ ಹೋಗಲಾಗದು. ಹಾಗಾಗಿ ಇರುವ 11 ಅಂಕಿಗಳನ್ನೇ ಇಡೀ ಬಂದರು ಅಂತ ಇಟ್ಟುಕೊಳ್ಳುತ್ತೇವೆ. ಒಂದೊಂದು ಅಂಕಿಗೆ ಒಂದು ಚೀಟಿ ಮಾಡಿ ಡಬ್ಬಿಗೆ ಹಾಕಿದೆವು ಅಂತ ಇಟ್ಟುಕೊಳ್ಳಿ. ಚೀಟಿ ಎತ್ತುವುದು, ಬರೆದುಕೊಳ್ಳುವುದು, ಡಬ್ಬಿಗೆ ವಾಪಸ್ ಹಾಕುವುದು. ಹೀಗೆ 11 ಸಲ ಎತ್ತಿ ಮಧ್ಯಾಂಕ ನೋಡಿ, ಮತ್ತೆ ಮೊದಲಿನಿಂದ. ವಾಪಸ್ ಹಾಕದಿದ್ದರೆ ಪ್ರತಿ ಸಲವೂ ಅದೇ 11, ಅದೇ 26.

```r
x <- c(12,15,18,20,24,26,31,35,48,90,240)
m <- replicate(10000, median(sample(x, replace=TRUE)))
quantile(m, c(0.025, 0.975))
```

18 ಮತ್ತು 48 ಬರುತ್ತದೆ.

ಕುಂದಾಪುರದಿಂದ

ಸರಿ ಉಂಟು. 11 ಅಂಕಿ ಕಮ್ಮಿಯಾಯಿತು, ಅದಕ್ಕೇ 10,000 ಮಾಡುವುದು. ಒಂದು ಲಕ್ಷ ಸಲ ಮಾಡಿದರೆ ವ್ಯಾಪ್ತಿ ಇನ್ನೂ ಚಿಕ್ಕದಾಗುತ್ತದೆ.

ಸುರತ್ಕಲ್‌ನಿಂದ

ಮೊದಲನೆಯದು ಅರ್ಧ ಸರಿ, ಎರಡನೆಯದು ಇಲ್ಲ. ಹೆಚ್ಚು ಸಲ ಮಾಡಿದರೆ ಚೀಟಿಯ ಅದೃಷ್ಟದಿಂದ ಬರುವ ಅಲುಗಾಟ ಹೋಗುತ್ತದೆ, ಅಷ್ಟೆ. ದೋಣಿ 11ಕ್ಕಿಂತ ಜಾಸ್ತಿ ಆಗುವುದಿಲ್ಲ. ನಿಜ ಹೇಳಬೇಕಾದರೆ ಇಲ್ಲಿ ಕಂಪ್ಯೂಟರೇ ಬೇಡ. ಮಧ್ಯಾಂಕ 18 ಅಥವಾ ಅದಕ್ಕಿಂತ ಕಡಿಮೆ ಬರಬೇಕಾದರೆ, 11ರಲ್ಲಿ ಕಡೇಪಕ್ಷ 6 ಚೀಟಿ ಕೆಳಗಿನ ಮೂರು ಅಂಕಿಗಳಿಂದಲೇ ಬರಬೇಕು. ಒಂದೊಂದು ಚೀಟಿಗೂ ಆ ಸಾಧ್ಯತೆ 3/11. ಲೆಕ್ಕ ಹಾಕಿದರೆ ಸುಮಾರು 5%. 15ಕ್ಕೆ ಇಳಿದರೆ 1% ಕೂಡ ಇಲ್ಲ. 2.5%ರ ಗೆರೆ ದಾಟುವುದು 18ರಲ್ಲೇ. ಮೇಲಿನ ಕಡೆಗೂ ಹಾಗೆಯೇ, 48.

ಇದು ಯಾಕೆ ನಂಬಲರ್ಹ ಅಂದರೆ, ಮಧ್ಯಾಂಕಕ್ಕೆ ಬೇಕಾದದ್ದು ಎಷ್ಟು ಅಂಕಿ ಕೆಳಗೆ, ಎಷ್ಟು ಮೇಲೆ ಅನ್ನುವುದು ಮಾತ್ರ. 240ನ್ನು 2400 ಮಾಡಿ, ವ್ಯಾಪ್ತಿ ಅಲ್ಲಾಡುವುದಿಲ್ಲ. ಹಾಗಾಗಿ ಉತ್ತರವನ್ನು ಬೇರೆ ದಾರಿಯಲ್ಲೂ ಪರೀಕ್ಷೆ ಮಾಡಬಹುದು. ಬಂದರಿನ ನಿಜ ಮಧ್ಯಾಂಕದ ಕೆಳಗೆ ಬೀಳುವುದು ಪ್ರತಿ ದೋಣಿಗೂ ಅರ್ಧಕ್ಕರ್ಧ ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ. 18-48 ತಪ್ಪಬೇಕಾದರೆ 11ರಲ್ಲಿ ಎರಡೋ ಅದಕ್ಕಿಂತ ಕಡಿಮೆಯೋ ದೋಣಿ ಒಂದು ಬದಿಗೆ ಬಿದ್ದಿರಬೇಕು. ಒಟ್ಟು 2048 ಬಗೆಗಳಲ್ಲಿ ಅಂಥದ್ದು 134, ಅಂದರೆ 6.5%. ಹಾಗಾಗಿ ‘95%’ ಅಂದದ್ದು ನಿಜದಲ್ಲಿ 93.5%. ಇನ್ನೊಂದು ಮೆಟ್ಟಿಲು ಹೊರಗೆ ಹೋದರೆ 15ರಿಂದ 90, ಅದು 98.8%. ನಡುವೆ ನಿಲ್ಲಲು ಜಾಗವಿಲ್ಲ, ಯಾಕೆಂದರೆ ಡಬ್ಬಿಯಲ್ಲಿ ಇರುವುದೇ 11 ಅಂಕಿ. ವರದಿಯಲ್ಲಿ ದೋಣಿಗಳ ಸಂಖ್ಯೆ ಕಮ್ಮಿ ಇದ್ದರೆ ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಶಿರ್ವದಿಂದ

ನನ್ನ ಹತ್ತಿರ ಶಂಕರಪುರ ಮಲ್ಲಿಗೆಯ ಅಟ್ಟೆ ದರ ದಿನವಾರು ಬರೆದಿಟ್ಟದ್ದು ಉಂಟು. ಇದನ್ನೇ ಮಾಡಿದೆ, ತುಂಬ ಚಿಕ್ಕ ವ್ಯಾಪ್ತಿ ಬಂತು. ಖುಷಿಯಾಯಿತು.

ಸುರತ್ಕಲ್‌ನಿಂದ

ಖುಷಿಪಡಬೇಡಿ. ಮದುವೆ ಸೀಸನ್‌ನಲ್ಲಿ ಇಂದು ದರ ಏರಿದರೆ ನಾಳೆಯೂ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಒಂದೊಂದೇ ದಿನದ ಚೀಟಿ ಎತ್ತಿದರೆ ಆ ನಂಟು ಹರಿದುಹೋಗುತ್ತದೆ. 60 ದಿನದ ದರ 60 ಬಿಡಿ ಸುದ್ದಿಗಳೇನಲ್ಲ. ಅದಕ್ಕೇ ವ್ಯಾಪ್ತಿ ಸುಳ್ಳು ಸುಳ್ಳೇ ಚಿಕ್ಕದಾಗಿದೆ. ಒಟ್ಟಿಗಿರುವ ಕೆಲವು ದಿನಗಳನ್ನು ಒಂದು ತುಂಡಾಗಿ ಎತ್ತಬೇಕು.

ಶಿರ್ವದಿಂದ

ತುಂಡು ಎಷ್ಟು ದಿನದ್ದು? ವಾರದ್ದಾ?

ಸುರತ್ಕಲ್‌ನಿಂದ

ವಾರದಿಂದ ಶುರುಮಾಡಿ. ಹತ್ತು ದಿನಕ್ಕೂ ನೋಡಿ. ಉತ್ತರ ಬಹಳ ಬದಲಾದರೆ ಇಲ್ಲಿಗೆ ಬರೆಯಿರಿ, ಮಾತಾಡುವ.

ಉಡುಪಿಯಿಂದ

ಪದಕ್ಕೆ ಬರುತ್ತೇನೆ. ‘ಹಾಕಿ-ಎತ್ತು ಮಾದರಿ’ ಹೇಗೆ? ವಾಪಸ್ ಹಾಕುವುದು ಅದರಲ್ಲೇ ಕಾಣುತ್ತದೆ, ಮಲ್ಪೆಗೆ ಯಾರೂ ಹೋಗುವುದಿಲ್ಲ.

ಕುಂದಾಪುರದಿಂದ

ಕೇಳಲಿಕ್ಕೆ ಆಟದ ಹೆಸರಿನಂತೆ ಉಂಟು. ನನ್ನ ಓಟು ಬೂಟ್‌ಸ್ಟ್ರ್ಯಾಪ್‌ಗೇ.