ಪದಚರ್ಚೆ: ‘ಸಿಂಥೆಟಿಕ್ ಲಾಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಶಿರಸಿಯಲ್ಲಿ ಲೆಕ್ಕಪತ್ರ ಬರೆಯುವ ಕೆಲಸ ನನ್ನದು. ತೆರಿಗೆ ರಿಟರ್ನ್ ತುಂಬಿಸಲು ಬರುವ ಹುಡುಗರಲ್ಲಿ ಆಪ್ಷನ್ ವ್ಯವಹಾರ ಮಾಡುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರಿಗೆಂದು ನಾಲ್ಕು ಪುಟದ ಟಿಪ್ಪಣಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಕಾಲ್ ಎಂದರೆ ಗೊತ್ತಾದ ದರಕ್ಕೆ ಷೇರು ಕೊಳ್ಳುವ ಹಕ್ಕು, ಪುಟ್ ಎಂದರೆ ಮಾರುವ ಹಕ್ಕು, ಆ ದರಕ್ಕೆ ಸ್ಟ್ರೈಕ್ ಎನ್ನುತ್ತಾರೆ. ಒಂದು ಷೇರಿನ ಕಾಲ್ ಕೊಂಡು, ಅದೇ ಸ್ಟ್ರೈಕ್ ಮತ್ತು ಅದೇ ಮುಕ್ತಾಯ ದಿನದ ಪುಟ್ ಮಾರಿದರೆ, ಷೇರನ್ನೇ ಕೊಂಡಿಟ್ಟುಕೊಂಡಂತೆ ಲಾಭನಷ್ಟ ಬರುತ್ತದೆ. ಇದಕ್ಕೆ ಪೇಟೆಯಲ್ಲಿ ‘ಸಿಂಥೆಟಿಕ್ ಲಾಂಗ್’ ಎನ್ನುತ್ತಾರೆ. ನನ್ನ ಕರಡಿನಲ್ಲಿ ‘ಕೃತಕ ಷೇರು’ ಎಂದು ಬರೆದಿದ್ದೆ. ಅದನ್ನು ಓದಿದ ತಂಗಿಯ ಮಗ, “ಮಾವ, ನಾನು ಮಾಡಿದ್ದೂ ಇದೇ. ಆದ್ರೆ ಕೃತಕ ಅಂದ್ರೆ ಇಷ್ಟು ದುಡ್ಡು ಹೋಗ್ತದೆ ಅಂತ ಅನ್ನಿಸೂದಿಲ್ಲ” ಅಂದ. ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಅವನ ಲೆಕ್ಕವನ್ನು, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ, ಇಲ್ಲಿ ಇಡುತ್ತೇನೆ. ಷೇರಿನ ಬೆಲೆ 1,000 ರೂಪಾಯಿ, ಒಂದು ಲಾಟ್ ಅಂದರೆ 500 ಷೇರು, ಮುಕ್ತಾಯಕ್ಕೆ ಒಂದು ತಿಂಗಳು. 1,000ದ ಕಾಲನ್ನು 38ಕ್ಕೆ ಕೊಂಡ, 1,000ದ ಪುಟ್ಟನ್ನು 32ಕ್ಕೆ ಮಾರಿದ. ಷೇರಿಗೆ 6 ರೂಪಾಯಿಯಂತೆ ಕೈಯಿಂದ ಹೋದದ್ದು 3,000. ಆ ಆರು ರೂಪಾಯಿ ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ. ಸಾವಿರ ರೂಪಾಯಿಗೆ ಒಂದು ತಿಂಗಳ ಬಡ್ಡಿ ಅದು, ವರ್ಷಕ್ಕೆ ಸುಮಾರು ಏಳರ ದರ. ಅಂದರೆ ಅವನು ಕೊಟ್ಟದ್ದು ಷೇರಿನ ಬೆಲೆಯನ್ನಲ್ಲ, ಐದು ಲಕ್ಷದ ಮಾಲಿಗೆ ಒಂದು ತಿಂಗಳ ಬಡ್ಡಿಯನ್ನು. ಖಾತೆಯಲ್ಲಿದ್ದ 1,20,000ದಲ್ಲಿ ಸುಮಾರು ಒಂದು ಲಕ್ಷವನ್ನು ಮಾರ್ಜಿನ್ ಎಂದು ತಡೆಹಿಡಿದಿದ್ದರು. ಅದು ವಾಪಸ್ ಬರುವ ಠೇವಣಿ ಎಂದುಕೊಂಡು, ತಾನು ಹಾಕಿದ್ದು ಮೂರೇ ಸಾವಿರ ಎಂದು ಅವನು ತಿಳಿದಿದ್ದ.

ಎರಡು ವಾರಕ್ಕೆ ಕಂಪನಿಯ ಫಲಿತಾಂಶ ಕೆಟ್ಟದಾಗಿ ಬಂದು ಷೇರು 880ಕ್ಕೆ ಇಳಿಯಿತು. ಬೇಕಾದ ಮಾರ್ಜಿನ್ ಒಂದೂವರೆ ಲಕ್ಷ ದಾಟಿತು. ಹೊಸ ದುಡ್ಡು ಹಾಕಲು ಇರಲಿಲ್ಲ. ಎರಡೂ ಬದಿ ಮುಗಿಸಲು ಹೋದರೆ ಕಾಲಿಗೆ 3 ರೂಪಾಯಿ ಸಿಕ್ಕಿತು, ಪುಟ್ಟನ್ನು ವಾಪಸ್ ಕೊಳ್ಳಲು 126 ಕೊಡಬೇಕಾಯಿತು. ಕಾಲಿನಲ್ಲಿ 35, ಪುಟ್ಟಿನಲ್ಲಿ 94, ಒಟ್ಟು 129ರಂತೆ 64,500 ರೂಪಾಯಿ ಹೋಯಿತು.

ಈ ಹುಡುಗ ದಡ್ಡನಲ್ಲ. ಹೆಸರು ಅವನಿಗೆ ತಪ್ಪು ದಾರಿ ತೋರಿಸಿತು ಎಂದೇ ನನ್ನ ನಂಬಿಕೆ. ‘ಕೃತಕ’ ಬೇಡವಾದರೆ ಇನ್ನೇನು?

*

ಕುಮಟಾದಿಂದ ನಿವೃತ್ತ ಮಾಸ್ತರರ ಉತ್ತರ:

‘ಕೃತಕ’ ಪದಕ್ಕೆ ಅನ್ಯಾಯ ಮಾಡಬೇಡಿ. ಕೃತ ಅಂದರೆ ಮಾಡಿದ್ದು. ಮನುಷ್ಯ ಕೈಯಾರೆ ಮಾಡಿದ್ದೆಲ್ಲ ಕೃತಕವೇ. ಅದಕ್ಕೆ ‘ಸುಳ್ಳು’ ಎಂಬ ಅರ್ಥ ಆಮೇಲೆ ಅಂಟಿಕೊಂಡದ್ದು, ಕೃತಕ ನಗೆ, ಕೃತಕ ಅಭಾವ ಎನ್ನುವಲ್ಲಿ ನೋಡಿ. ಆದರೂ ಓದುವವರು ಇಂದಿನವರಾದ್ದರಿಂದ ಬೇರೆ ಪದ ಹುಡುಕುವುದೇ ಒಳ್ಳೆಯದು. ಮೂಲದ ಗ್ರೀಕ್ ಧಾತುವಿಗೆ ‘ಒಟ್ಟಿಗೆ ಇಡು’ ಎಂದರ್ಥ. ನಮ್ಮ ವಿಜ್ಞಾನದ ಪಠ್ಯಗಳಲ್ಲಿ ದ್ಯುತಿಸಂಶ್ಲೇಷಣೆ ಎಂಬ ಪದ ಆಗಲೇ ಇದೆ. ಆದ್ದರಿಂದ ‘ಸಂಶ್ಲೇಷಿತ ಷೇರು’ ಎನ್ನಿ. ಎರಡು ಒಪ್ಪಂದಗಳು ಕೂಡಿ ಒಂದು ಷೇರು ಹುಟ್ಟಿತು ಎಂಬ ಅರ್ಥ ಪೂರ್ತಿ ಬರುತ್ತದೆ.

*

ಯಲ್ಲಾಪುರದ ಗೆಳೆಯರೊಬ್ಬರ ಉತ್ತರ:

‘ಲಾಂಗ್’ ಅನ್ನು ಯಾರೂ ಮುಟ್ಟಲೇ ಇಲ್ಲವಲ್ಲ. ‘ದೀರ್ಘಾವಧಿ ಸಂಶ್ಲೇಷಿತ ಷೇರು’ ಎಂದರೆ ಹೇಗೆ? ಹಾಗಂದರೆ ಹುಡುಗರಿಗೂ ಇದು ತಾಳ್ಮೆಯ ವ್ಯವಹಾರ ಎಂದು ತಿಳಿಯುತ್ತದೆ.

ಇನ್ನೊಂದು ಮಾತು. ನಮ್ಮ ಅಪ್ಪ ಅಡಿಕೆ ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತಿದ್ದರು. ಕೊಯ್ಲಿಗೆ ಮೊದಲೇ ದರ ಕುದುರುತ್ತಿತ್ತು. ಒಂದು ವರ್ಷ ಮಾತಾದ ಮೇಲೆ ಚಾಲಿ ಅಡಿಕೆಯ ದರ ಬಿತ್ತು. ಚೇಣಿದಾರ ನಮ್ಮ ಜಗಲಿಯ ಮೇಲೆ ಕೂತು ಎರಡು ಲೋಟ ಕಷಾಯ ಕುಡಿದ. ದರ ಇಳಿಸಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಒಪ್ಪಿದ ದರಕ್ಕೇ ಮಾಲು ಎತ್ತಿದ. ನೀವು ಹೇಳುವ ಪುಟ್ ಮಾರಿದವನು ಆ ಚೇಣಿದಾರನಂತೆಯೇ ಅಲ್ಲವೇ?

*

ಕಾರವಾರದಿಂದ, ಷೇರು ದಲ್ಲಾಳಿ ಕಚೇರಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ ಅಕ್ಕನವರ ಉತ್ತರ:

ಯಲ್ಲಾಪುರದ ಅಣ್ಣನವರು ಚೇಣಿದಾರನನ್ನು ಸರಿಯಾಗಿ ಹಿಡಿದರು, ‘ದೀರ್ಘಾವಧಿ’ಯಲ್ಲಿ ತಪ್ಪಿದರು. ಇಲ್ಲಿ ಲಾಂಗ್ ಎಂದರೆ ಕಾಲದ ಉದ್ದವಲ್ಲ, ಕೊಂಡವನ ಬದಿ. ಮಧ್ಯಾಹ್ನ ತೆಗೆದುಕೊಂಡು ಸಂಜೆ ಬಿಟ್ಟರೂ ಅದು ಲಾಂಗೇ. ಈ ಒಪ್ಪಂದದ ಆಯುಷ್ಯ ಹೆಚ್ಚೆಂದರೆ ಮೂರು ತಿಂಗಳು, ಜನ ಮಾಡುವುದು ಬಹುತೇಕ ಅದೇ ತಿಂಗಳದ್ದರಲ್ಲಿ. ದೀರ್ಘಾವಧಿ ಎಂದು ಬರೆದರೆ ಇನ್ನೊಬ್ಬ ಹುಡುಗ ಕೆಡುತ್ತಾನೆ. ದಯವಿಟ್ಟು ಬೇಡ.

ಮಾಸ್ತರ್ರೇ, ‘ಷೇರು ಹುಟ್ಟಿತು’ ಎಂದಿರಲ್ಲ, ನನ್ನ ತಕರಾರು ಅಲ್ಲೇ. ಷೇರು ಹುಟ್ಟುವುದಿಲ್ಲ. ಕಂಪನಿ ಲಾಭಾಂಶ ಕೊಟ್ಟರೆ ಇವನ ಖಾತೆಗೆ ಬರುವುದಿಲ್ಲ, ಸಭೆಯಲ್ಲಿ ಮತವಿಲ್ಲ. ಹುಟ್ಟುವುದು ಷೇರಿನ ಏರಿಳಿತ ಮಾತ್ರ.

ಶಿರಸಿಯವರ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಅದೇ ದಿನ ಆ ಹುಡುಗ ಫ್ಯೂಚರ್, ಅಂದರೆ ಮುಂದಿನ ದಿನದ ಖರೀದಿಗೆ ಇಂದೇ ದರ ಗೊತ್ತುಮಾಡುವ ಒಪ್ಪಂದ, ಕೊಂಡಿದ್ದರೆ 1,006ರ ಸುತ್ತ ಸಿಗುತ್ತಿತ್ತು. ಷೇರು 880 ಆದ ದಿನ ಅದು 883ರ ಹತ್ತಿರ ಇರುತ್ತಿತ್ತು. ನಷ್ಟ 61,500. ಹೆಚ್ಚಿಗೆ ಹೋದ ಮೂರು ಸಾವಿರ ಎಲ್ಲಿಯದು? ಅವನು ಕೊಂಡಾಗ ಸ್ಟ್ರೈಕ್ ಷೇರಿನ ಬೆಲೆಯ ಮೇಲೇ ಇತ್ತು, ಅಲ್ಲಿ ಕೊಳ್ಳುವವರು ಮಾರುವವರು ತುಂಬಿರುತ್ತಾರೆ. ಷೇರು 120 ರೂಪಾಯಿ ಸರಿದ ಮೇಲೆ ಆ ಸ್ಟ್ರೈಕಿನಲ್ಲಿ ಜನವೇ ಇರುವುದಿಲ್ಲ. 121ಕ್ಕೆ ಸಿಗಬೇಕಾದ ಪುಟ್ಟನ್ನು 126ಕ್ಕೆ ಹೇಳುತ್ತಾರೆ, 4ಕ್ಕೆ ಹೋಗಬೇಕಾದ ಕಾಲನ್ನು 3ಕ್ಕೆ ಕೇಳುತ್ತಾರೆ. ಆರು ರೂಪಾಯಿ, 500 ಷೇರು. ಕೊಳ್ಳುವ ದಿನ ಈ ಖರ್ಚು ಯಾವ ಪರದೆಯ ಮೇಲೂ ಕಾಣುವುದಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಫ್ಯೂಚರಿನಲ್ಲಿ ನಷ್ಟವಾದರೆ ಅಂದಂದೇ ಖಾತೆಯಿಂದ ದುಡ್ಡು ಕಳೆಯುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಉಳಿಕೆ ಕಡಿಮೆಯಾಗಿರುತ್ತದೆ, ಮನುಷ್ಯ ಎಚ್ಚೆತ್ತುಕೊಳ್ಳುತ್ತಾನೆ. ಆಪ್ಷನಿನಲ್ಲಿ ಹಾಗೆ ದಿನದಿನದ ಕಡಿತವಿಲ್ಲ. ಪುಟ್ಟಿನ ನಷ್ಟ ಮಾರ್ಜಿನ್ ಬೇಡಿಕೆಯೊಳಗೆ ಅಡಗಿ ಬೆಳೆಯುತ್ತದೆ. ಉಳಿಕೆ ಇದ್ದಷ್ಟೇ ಕಾಣುತ್ತದೆ, ಬಳಸಬಹುದಾದ ಮೊತ್ತ ಮಾತ್ರ ಕರಗುತ್ತದೆ. ನಮ್ಮ ಕೌಂಟರಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಾಲಿನ ಸಾಲನ್ನೇ ನೋಡುತ್ತಿದ್ದರು, ಯಾಕೆಂದರೆ ತಾವು ‘ಕೊಂಡದ್ದು’ ಅದು. ಪುಟ್ಟಿನ ಸಾಲನ್ನು ಬಂದ ಹಣ ಎಂದು ಬಿಟ್ಟುಬಿಡುತ್ತಿದ್ದರು. ಅಳಿಯನನ್ನು ಕೇಳಿ ನೋಡಿ, ಹೀಗೇ ಆಗಿರಬಹುದು.

ಇನ್ನು ಮುಕ್ತಾಯದ ದಿನ. ಅಕ್ಟೋಬರ್ 2019ರಿಂದ ಎಲ್ಲ ಷೇರು ಆಪ್ಷನ್‌ಗಳಿಗೂ ಮಾಲನ್ನೇ ಕೊಟ್ಟು ಪಡೆದು ತೀರಿಸುವ ಪದ್ಧತಿ. ನಿಫ್ಟಿಯಂಥ ಸೂಚ್ಯಂಕಕ್ಕೆ ಮಾತ್ರ ಹಣದಲ್ಲಿ ತೀರುತ್ತದೆ. ಈಗ ಲೆಕ್ಕ ಹಾಕಿ. ಷೇರು 1,100ರಲ್ಲಿ ಮುಗಿದರೆ ಕಾಲ್ ತಾನಾಗಿ ಚಲಾಯಿತವಾಗಿ, 5 ಲಕ್ಷ ಕೊಟ್ಟು 500 ಷೇರು ತೆಗೆದುಕೊಳ್ಳಬೇಕು. 900ರಲ್ಲಿ ಮುಗಿದರೆ ಪುಟ್ ಕೊಂಡವನು ತಂದು ಸುರಿಯುತ್ತಾನೆ, ಆಗಲೂ 5 ಲಕ್ಷ ಕೊಟ್ಟು ಅದೇ 500 ಷೇರು. ಏರಲಿ ಇಳಿಯಲಿ, ಕೊನೆಯವರೆಗೆ ಇಟ್ಟುಕೊಂಡವನು ಸಾವಿರಕ್ಕೊಂದರಂತೆ ಷೇರು ಕೊಳ್ಳಲೇಬೇಕು. ಕೊನೆಯ ನಾಲ್ಕು ವಹಿವಾಟು ದಿನಗಳಲ್ಲಿ ಮಾರ್ಜಿನ್ ಹಂತಹಂತವಾಗಿ ಏರುವುದು ಇದಕ್ಕಾಗಿಯೇ. ಗೆಲ್ಲುತ್ತಿರುವವನಿಗೂ ಆ ವಾರ ಫೋನ್ ಬರುತ್ತದೆ, ಅವನಿಗೆ ಯಾಕೆಂದು ಅರ್ಥವಾಗುವುದಿಲ್ಲ.

ಹೀಗಿದ್ದ ಮೇಲೆ ಅದನ್ನು ಷೇರು ಎನ್ನುವುದೇ ಬೇಡ. ಅದು ಖರೀದಿಯ ಕರಾರು.

*

ಹೊನ್ನಾವರ ಮೂಲದ, ಈಗ ಅಮೆರಿಕದಲ್ಲಿರುವ ಸದಸ್ಯರೊಬ್ಬರ ಉತ್ತರ:

ಮುಕ್ತಾಯದ ದಿನದವರೆಗೆ ಕಾಯುವ ಮಾತೇ ಇಲ್ಲ. ನಾನು ಮಾರಿದ್ದ ಪುಟ್ಟನ್ನು ಎದುರಿನವರು ಒಂಬತ್ತು ದಿನ ಮೊದಲೇ ಚಲಾಯಿಸಿದರು. ಬೆಳಿಗ್ಗೆ ನೋಡುವಾಗ ನೂರು ಷೇರು ನನ್ನ ಖಾತೆಯಲ್ಲಿ ಕೂತಿದ್ದವು. ಈ ಅಪಾಯವನ್ನೂ ಟಿಪ್ಪಣಿಯಲ್ಲಿ ಸೇರಿಸಿ.

*

ಶಿರಸಿಯಿಂದ ಮತ್ತೆ:

ಹೊನ್ನಾವರದವರು ಹೇಳಿದ್ದು ಅಲ್ಲಿಯ ಷೇರು ಆಪ್ಷನ್‌ಗಳಿಗೆ ಪೂರ್ತಿ ಸರಿ. ಇಲ್ಲಿ ಎನ್‌ಎಸ್‌ಇ ಷೇರು ಆಪ್ಷನ್‌ಗಳು 2011ರಿಂದ ಯುರೋಪಿಯನ್ ಬಗೆಗೆ ಬದಲಾದವು, ಮುಕ್ತಾಯದ ದಿನ ಬಿಟ್ಟು ಬೇರೆ ದಿನ ಚಲಾಯಿಸಲು ಬರುವುದಿಲ್ಲ. ನಮ್ಮ ಹುಡುಗರಿಗೆ ಇಲ್ಲದ ಭಯವನ್ನು ಕಲಿಸುವುದು ಬೇಡವೆಂದು ಅದನ್ನು ಸೇರಿಸುವುದಿಲ್ಲ.

ಕಾರವಾರದ ಅಕ್ಕನವರೇ, ನೀವು ಹೇಳಿದ ಹಾಗೆ ನಿನ್ನೆ ಅಳಿಯನನ್ನು ಕೂರಿಸಿಕೊಂಡು ಕೇಳಿದೆ. ಆ್ಯಪಿನ ಹಳೆಯ ಚಿತ್ರವೊಂದನ್ನು ಫೋನಿನಲ್ಲಿ ಉಳಿಸಿಕೊಂಡಿದ್ದ. ಷೇರು ಇನ್ನೂ 950ರಲ್ಲಿದ್ದ ದಿನದ್ದು. ಎರಡೇ ಸಾಲು. ಮೇಲಿನ ಕಾಲಿನ ಸಾಲಿಗೆ ಅವನು ಬೆರಳಿನಲ್ಲಿ ಹಳದಿ ಗೆರೆ ಎಳೆದಿದ್ದ, “ಇಲ್ಲಿ ಹೆಚ್ಚೆಂದರೆ 19,000 ಹೋಗ್ತಿತ್ತು, ಅಷ್ಟಕ್ಕೆ ಗಟ್ಟಿ ಮಾಡಿಕೊಂಡಿದ್ದೆ” ಅಂದ. ಕೆಳಗಿನ ಪುಟ್ಟಿನ ಸಾಲಿಗೆ ಗೆರೆಯೇ ಇಲ್ಲ. ನಷ್ಟದ ದೊಡ್ಡ ಪಾಲು ಬಂದದ್ದು ಆ ಗೆರೆ ಇಲ್ಲದ ಸಾಲಿನಿಂದ, 47,000.

ಹಾಗಾಗಿ ನನಗೆ ಬೇಕಾದ ಪದದಲ್ಲಿ ಆ ಕೆಳಗಿನ ಸಾಲು ಕಾಣಬೇಕು. ಸಂಶ್ಲೇಷಿತ ಎಂದರೆ ನಮ್ಮ ಕಡೆ ಸೀರೆಯ ಅಂಗಡಿಯವರಿಗೂ ತಿಳಿಯದು, ಕ್ಷಮಿಸಿ ಮಾಸ್ತರ್ರೇ. ‘ಕಟ್ಟುಖರೀದಿ’ ಎಂದರೆ ಹೇಗೆ? ಎರಡು ತುಂಡು ಸೇರಿಸಿ ಕಟ್ಟಿದ್ದು ಎಂಬುದೂ ಅದರಲ್ಲಿದೆ, ಕೊಳ್ಳಲು ಕಟ್ಟುಬಿದ್ದಿದ್ದಾನೆ ಎಂಬುದೂ ಇದೆ. ಕಾಲಿಗೆ ‘ಕೊಳ್ಳುವ ಹಕ್ಕು’, ಮಾರಿದ ಪುಟ್ಟಿಗೆ ‘ಕೊಳ್ಳುವ ಹೊಣೆ’. ಹಕ್ಕು ಕೊಂಡ, ಹೊಣೆ ಹೊತ್ತ, ಎರಡೂ ಸೇರಿ ಕಟ್ಟುಖರೀದಿ. ‘ಪುಟ್ ಮಾರಿದ’ ಎಂಬ ಮಾತೇ ಮೋಸದ್ದು. ಮಾರಿದವನ ಕೈಯಿಂದ ವಸ್ತು ಹೋಗಿ ಕೆಲಸ ಮುಗಿಯಬೇಕು, ಇಲ್ಲಿ ಕೆಲಸ ಅಲ್ಲಿಂದ ಶುರುವಾಗುತ್ತದೆ.

*

ಕುಮಟಾದಿಂದ:

‘ಹೊಣೆ ಹೊತ್ತ’ ಒಪ್ಪಿದೆ, ಬಹಳ ಚೆನ್ನಾಗಿದೆ. ‘ಕಟ್ಟುಖರೀದಿ’ ಒಪ್ಪಲಾರೆ. ನಮ್ಮ ಪೇಟೆಯಲ್ಲಿ ಬೀಡಿಯ ಕಟ್ಟು, ಸೊಪ್ಪಿನ ಕಟ್ಟು ಎನ್ನುತ್ತಾರೆ. ಒಟ್ಟಿಗೆ ಸಗಟು ಕೊಂಡದ್ದು ಎಂದೇ ಓದುತ್ತಾರೆ.

*

ಕಾರವಾರದಿಂದ:

ಮಾಸ್ತರರ ಅನುಮಾನ ನಿಜ, ನಾನೂ ಮೊದಲು ಹಾಗೇ ಓದಿದೆ. ಆದರೆ ಚೇಣಿಯ ಅಣ್ಣನವರ ಮಾತು ಬಿಡಲು ಮನಸ್ಸಿಲ್ಲ. ಚೇಣಿದಾರನಿಗೂ ಇವನಿಗೂ ಒಂದೇ ವ್ಯತ್ಯಾಸ. ದರ ಬಿದ್ದರೂ ಚೇಣಿದಾರ ಕೊಯ್ಲಿನವರೆಗೆ ಕಾಯಬಹುದಿತ್ತು, ದರ ಮತ್ತೆ ಎದ್ದರೆ ಬಚಾವಾಗುತ್ತಿದ್ದ. ಮಾರ್ಜಿನ್ ತೀರಿದವನಿಗೆ ಆ ಕಾಯುವಿಕೆ ಇಲ್ಲ, ನಡುದಾರಿಯಲ್ಲೇ ಎಬ್ಬಿಸುತ್ತಾರೆ. ಇದನ್ನೂ ಹೇಳುವ ಒಂದು ಪದ ಯಾರ ಮನೆಯ ಮಾತಿನಲ್ಲಾದರೂ ಇದೆಯೇ? ಸಿದ್ದಾಪುರದ ಕಡೆಯವರು ಯಾರಾದರೂ ಹೇಳಿ. ಶಿರಸಿಯವರೇ, ಅಲ್ಲಿಯವರೆಗೆ ಟಿಪ್ಪಣಿಯಲ್ಲಿ ‘ಸಿಂಥೆಟಿಕ್ ಲಾಂಗ್’ ಎಂದೇ ಇರಲಿ, ಕೆಳಗಡೆ ಆ ಎರಡು ಸಾಲಿನ ಚಿತ್ರ ಹಾಕಿ. ಹಳದಿ ಗೆರೆ ಪುಟ್ಟಿನ ಸಾಲಿಗೆ ಎಳೆಯಿರಿ.